ಸೋಲಾರ್ ಸಬ್ಸಿಡಿ ನನ್ನ ಖಾತೆಗೇ ಬರುತ್ತೆ ಅಂತ ನನಗೆ ಯಾರೂ ಹೇಳಲಿಲ್ಲ, ಸಚಿವರೇ

ಮಾನ್ಯ ಇಂಧನ ಸಚಿವರಿಗೆ ನಮಸ್ಕಾರಗಳು.

ನಾನು ಬಯಲುಸೀಮೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಇರುವವಳು. ಪಿಯು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತೆಯಾಗಿದ್ದೆ. ನಿವೃತ್ತಿಯಾಗಿ ಮೂರು ವರ್ಷವಾಯಿತು. ತಾರಸಿ ಸೋಲಾರ್ ಹೆಸರಲ್ಲಿ ಮೋಸಹೋಗಿ, ಎಂಟು ತಿಂಗಳಿಂದ ಸಹಿಸಿಕೊಂಡು ಸುಮ್ಮನಿದ್ದೆ. ಹೋದ ವಾರ ಕರೆಂಟ್ ಬಿಲ್ ಕಟ್ಟಲು ನಮ್ಮೂರಿನ ವಿದ್ಯುತ್ ಕಚೇರಿಗೆ ಹೋದಾಗ ಗೇಟಿನ ಪಕ್ಕ ಒಂದು ಫ್ಲೆಕ್ಸ್ ಕಂಡೆ. ಅದನ್ನು ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಮ್ಮ ಯಜಮಾನರಿಗೆ ಪಾರ್ಶ್ವವಾಯು ಆಗಿ ಹಾಸಿಗೆ ಹಿಡಿದಿದ್ದಾರೆ. ಬೆನ್ನಿಗೆ ಹುಣ್ಣಾಗಬಾರದು ಅಂತ ಗಾಳಿ ತುಂಬುವ ಹಾಸಿಗೆ ಹಾಕಿದ್ದೇವೆ. ಅದರ ಪಂಪು ಹಗಲು ರಾತ್ರಿ ಓಡಬೇಕು. ಫ್ಯಾನ್ ನಿಲ್ಲಿಸುವಂತಿಲ್ಲ. ದಿನಾ ಮೈ ಒರೆಸಲು ಬಿಸಿನೀರು ಬೇಕು. ಹಾಗಾಗಿ ತಿಂಗಳಿಗೆ 230, 240 ಯೂನಿಟ್ ಆಗಿಬಿಡುತ್ತೆ. 200 ದಾಟಿದರೆ ಗೃಹಜ್ಯೋತಿ ಇಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಇದು ನಿಮಗೆ ಗೊತ್ತಿರುವ ನಿಯಮವೇ.

ಯುಗಾದಿ ಕಳೆದು ಹತ್ತು ದಿನಕ್ಕೆ ನಮ್ಮ ಬೀದಿಯ ಗಣಪತಿ ಗುಡಿ ಮುಂದೆ ಶಾಮಿಯಾನ ಹಾಕಿ ಇಬ್ಬರು ಹುಡುಗರು ಕೂತರು. ಪ್ರಧಾನಮಂತ್ರಿ ಸೂರ್ಯಘರ್ ಯೋಜನೆ, ಸರ್ಕಾರಿ ಸಬ್ಸಿಡಿ ಕ್ಯಾಂಪ್ ಅಂತ ಬೋರ್ಡು. ಅವರಲ್ಲಿ ದೊಡ್ಡವನು ಮನೆಗೇ ಬಂದ. ಯಜಮಾನರ ಮಂಚದ ಪಕ್ಕ ಕೂತು, "ಆಂಟಿ, ಇನ್ಮೇಲೆ ಕರೆಂಟ್ ಹೋದ್ರೂ ಅಂಕಲ್ ಹಾಸಿಗೆ ಪಂಪು ನಿಲ್ಲಲ್ಲ" ಅಂದ. ನಾನು ಸೋತಿದ್ದು ಆ ಒಂದು ಮಾತಿಗೆ.

ಅವನು ಹಾಕಿಕೊಟ್ಟ ಲೆಕ್ಕ ಹೀಗಿತ್ತು. 3 ಕಿಲೋವ್ಯಾಟ್ ಸೋಲಾರ್‌ಗೆ ಒಟ್ಟು 2,10,000 ರೂಪಾಯಿ. ಸರ್ಕಾರದ ಸಬ್ಸಿಡಿ 60 ಪರ್ಸೆಂಟ್, ಅಂದರೆ 1,26,000. ಅದನ್ನು ಅವರ ಕಂಪನಿಯೇ ಸರ್ಕಾರದಿಂದ ತೆಗೆದುಕೊಳ್ಳುತ್ತೆ. ನಾನು ಕೊಡಬೇಕಾದ್ದು 84,000 ಮಾತ್ರ. ಅದರಲ್ಲಿ ಅರ್ಧ, 42,000, ಇವತ್ತೇ ಅಡ್ವಾನ್ಸ್. ತಾಲ್ಲೂಕಿನ ಕೋಟಾ ನಾಳೆ ಮುಗಿಯುತ್ತೆ.

ಕೊಟ್ಟೆ. ಯುಪಿಐನಲ್ಲಿ ಕಳಿಸುವಾಗ ಪರದೆ ಮೇಲೆ ಬಂದಿದ್ದು ಕಂಪನಿಯ ಹೆಸರಲ್ಲ, ಯಾವುದೋ ವ್ಯಕ್ತಿಯ ಹೆಸರು. ಕೇಳಿದ್ದಕ್ಕೆ "ಅದು ನಮ್ಮ ಅಕೌಂಟೆಂಟ್ ಆಂಟಿ" ಅಂದ. ಕರೆಂಟ್ ಬಿಲ್, ಆಧಾರ್ ಎರಡರ ಫೋಟೋ ತೆಗೆದುಕೊಂಡ.

ನಾಲ್ಕು ದಿನ ಬಿಟ್ಟು ಇಬ್ಬರು ಕೆಲಸದವರು ಬಂದು ತಾರಸಿಗೆ ಡ್ರಿಲ್ ಹೊಡೆದು ಕಬ್ಬಿಣದ ನಾಲ್ಕು ಕಾಲು ನಿಲ್ಲಿಸಿದರು. ಕಾಲಿಗೆ ನಾಲ್ಕರಂತೆ ಹದಿನಾರು ತೂತು. ಮಾರನೇ ದಿನ ಫೋನ್ ಬಂತು. ಲೈನಿಗೆ ಹೋಗುವ, ಬರುವ ಕರೆಂಟ್ ಅಳೆಯುವ ನೆಟ್ ಮೀಟರ್‌ಗೆ ಫೀಸು 15,000 ಕಳಿಸಿ, ಇಲ್ಲದಿದ್ದರೆ ಪ್ಯಾನೆಲ್ ಗಾಡಿಗೆ ಲೋಡ್ ಆಗಲ್ಲ ಅಂತ. ವಿದ್ಯುತ್ ಕಂಪನಿಗೆ ಕಟ್ಟುವ ಹಣಕ್ಕೆ ಕಂಪನಿಯದೇ ರಸೀದಿ ಬರಬೇಕಲ್ವಾ, ರಸೀದಿ ಕೊಡಿ ಕಟ್ಟುತ್ತೇನೆ ಅಂದೆ. ಅವತ್ತಿನಿಂದ ಆ ನಂಬರ್ ಸ್ವಿಚ್ ಆಫ್. ಪ್ಯಾನೆಲ್ ಬರಲಿಲ್ಲ. ಮಳೆ ಬಂತು. ಆ ಹದಿನಾರು ತೂತಿನಿಂದ ನೀರು ಇಳಿದು ಯಜಮಾನರ ಮಂಚದ ಮೇಲೆಯೇ ತೊಟ್ಟಿಕ್ಕಿತು. ರಾತ್ರಿ ಒಂದು ಗಂಟೆಗೆ ಮಂಚವನ್ನು ನಾನೊಬ್ಬಳೇ ಗೋಡೆಯಿಂದ ಗೋಡೆಗೆ ಎಳೆದಿದ್ದೇನೆ ಸ್ವಾಮಿ. ಆ ಕಬ್ಬಿಣದ ಕಾಲುಗಳು ಈಗಲೂ ಇವೆ, ತುಕ್ಕು ಹಿಡಿದು ತಾರಸಿ ಮೇಲೆಲ್ಲ ಕೆಂಪು ನೀರಿನ ಗೆರೆ.

ಆಮೇಲೆ ನಾನು ಈ ಯೋಜನೆಯ ನಿಯಮಗಳನ್ನು ಕೂತು ಓದಿದೆ. ಮೂವತ್ತು ವರ್ಷ ಫೈಲು ನೋಡಿದವಳು, ಓದಲು ಕಷ್ಟವಾಗಲಿಲ್ಲ. ಮೊದಲೇ ಓದಬೇಕಿತ್ತು. ಸಬ್ಸಿಡಿ ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000. ಮೂರನೆಯದಕ್ಕೆ 18,000. ಅಲ್ಲಿಗೆ 78,000. ಮನೆಗೆ 5 ಕಿಲೋವ್ಯಾಟ್ ಹಾಕಿಸಿದರೂ ಅಷ್ಟೇ, 10 ಹಾಕಿಸಿದರೂ ಅಷ್ಟೇ. 60 ಪರ್ಸೆಂಟ್ ಅನ್ನುವುದು ಸರ್ಕಾರ ತಾನು ಇಟ್ಟುಕೊಂಡ ದರದ ಮೇಲಿನ ಲೆಕ್ಕ. ಕಿಲೋವ್ಯಾಟ್‌ಗೆ 50,000 ಅಂತ ಹಿಡಿದು ಅದರ 60 ಪರ್ಸೆಂಟ್, 30,000. ಅದೂ ಮೊದಲ ಎರಡು ಕಿಲೋವ್ಯಾಟ್‌ಗೆ ಮಾತ್ರ. ಅಂಗಡಿಯವನು ಬರೆಯುವ ಬಿಲ್ಲಿನ 60 ಪರ್ಸೆಂಟ್ ಅಲ್ಲವೇ ಅಲ್ಲ. ಅವನ ಬಿಲ್ಲನ್ನೇ ನಿಜ ಅಂದುಕೊಂಡರೂ ನನ್ನ ಕೈಯಿಂದ 1,32,000 ಹೋಗಬೇಕಿತ್ತು, 84,000 ಅಲ್ಲ. ಮನೆಗೆ 78,000ಕ್ಕಿಂತ ಜಾಸ್ತಿ ಕೇಂದ್ರದ ಸಬ್ಸಿಡಿ ಅಂತ ಯಾರಾದರೂ ಹೇಳಿದರೆ ಅಲ್ಲಿಗೇ ಮಾತು ನಿಲ್ಲಿಸಬಹುದು.

ಇನ್ನೊಂದು ಇದಕ್ಕಿಂತ ಮುಖ್ಯ. ನಾವೇ ದುಡ್ಡು ಹಾಕಿ ಕೂರಿಸಿಕೊಂಡರೆ ಆ ಹಣ ಯಾವ ಕಂಪನಿಗೂ ಹೋಗುವುದಿಲ್ಲ. ಮೊದಲು ಗ್ರಾಹಕರ ಹೆಸರಲ್ಲಿ pmsuryaghar.gov.in ಜಾಲತಾಣದಲ್ಲಿ ಅರ್ಜಿ. ಆಮೇಲೆ ನೋಂದಾಯಿತ ವೆಂಡರ್ ಪ್ಯಾನೆಲ್ ಕೂರಿಸಬೇಕು. ನೆಟ್ ಮೀಟರ್ ಬರಬೇಕು, ವಿದ್ಯುತ್ ಕಂಪನಿಯವರು ಬಂದು ಪರಿಶೀಲಿಸಿ ಚಾಲೂ ಆಗಿದೆ ಅಂತ ವರದಿ ಹಾಕಬೇಕು. ಅದಾದ ಮೇಲೆ ಗ್ರಾಹಕರು ತಮ್ಮ ಬ್ಯಾಂಕ್ ವಿವರ ಕೊಡಬೇಕು, ಹಣ ಗ್ರಾಹಕರ ಖಾತೆಗೇ ಬೀಳುತ್ತೆ. ಅಂದರೆ ತಾರಸಿ ಮೇಲೆ ಕರೆಂಟ್ ಹುಟ್ಟುವ ಮೊದಲು ಸಬ್ಸಿಡಿ ಅನ್ನುವ ಹಣವೇ ಇಲ್ಲ. "ಸಬ್ಸಿಡಿ ನಾವೇ ತಗೋತೀವಿ, ನೀವು ಅಡ್ವಾನ್ಸ್ ಕೊಡಿ" ಅನ್ನುವವನು ಇಲ್ಲದ ಹಣ ತೋರಿಸಿ ಇರುವ ಹಣ ಕೇಳುತ್ತಿದ್ದಾನೆ.

ಸಬ್ಸಿಡಿ ಗ್ರಾಹಕರ ಖಾತೆಗೇ ಬರುತ್ತೆ ಅನ್ನುವ ಈ ಒಂದು ಸಾಲನ್ನು ಕರೆಂಟ್ ಬಿಲ್‌ನ ಮೇಲೆ ಅಚ್ಚು ಹಾಕಿಸಿ ಸಚಿವರೇ. ಮುಖ್ಯವಾಗಿ ಕೇಳುತ್ತಿರುವುದು ಇದನ್ನೇ.

ಕರೆಂಟ್ ಹೋದಾಗ ಪಂಪು ನಿಲ್ಲಲ್ಲ ಅಂದನಲ್ಲ, ಅದೂ ಸುಳ್ಳು. ಬ್ಯಾಟರಿ ಇಲ್ಲದೆ ಲೈನಿಗೆ ಜೋಡಿಸುವ ಸೋಲಾರ್, ಲೈನಿನಲ್ಲಿ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮ್ಯಾನ್‌ಗೆ ನಮ್ಮ ತಾರಸಿಯಿಂದ ಶಾಕ್ ಹೊಡೆಯಬಾರದು ಅಂತ ಇನ್ವರ್ಟರನ್ನು ಹಾಗೆ ಮಾಡಿರುತ್ತಾರೆ. ಹಾಗಾಗಿ ಬಂದವನನ್ನು ಮೊದಲು ಕೇಳಬೇಕಾದ್ದು ಇದನ್ನೇ: ಬ್ಯಾಟರಿ ಇಲ್ಲದೆ ಪವರ್ ಕಟ್‌ನಲ್ಲಿ ಓಡುತ್ತಾ? ಓಡುತ್ತೆ ಅಂದರೆ ಅವನಿಗೆ ಕೆಲಸ ಗೊತ್ತಿಲ್ಲ, ಇಲ್ಲವೇ ಬೇಕಂತಲೇ ಸುಳ್ಳು ಹೇಳುತ್ತಿದ್ದಾನೆ.

ನೋಂದಾಯಿತ ವೆಂಡರ್‌ಗಳ ಪಟ್ಟಿ ಆ ಜಾಲತಾಣದಲ್ಲಿದೆ. ನೋಡಿದೆ. ಹುಡುಗ ಕೊಟ್ಟ ಕಾರ್ಡಿನಲ್ಲಿದ್ದ ಕಂಪನಿಯ ಹೆಸರು ಪಟ್ಟಿಯಲ್ಲಿ ಇತ್ತು! ಒಂದು ಕ್ಷಣ ಜೀವ ಬಂದ ಹಾಗಾಯಿತು. ಆದರೆ ಫೋನ್ ನಂಬರ್ ಬೇರೆ. ಪಟ್ಟಿಯಲ್ಲಿದ್ದ ನಂಬರಿಗೆ ಮಾಡಿದೆ. "ಅವರು ನಮ್ಮವರಲ್ಲಮ್ಮ, ನಮ್ಮ ಹೆಸರು ಹೇಳಿಕೊಂಡು ತಿರುಗುತ್ತಿದ್ದಾರೆ, ನೀವು ಮೂರನೆಯವರು" ಅಂದರು. ಅಂದರೆ ಪಟ್ಟಿಯಲ್ಲಿ ಹೆಸರು ಇದ್ದರೆ ಸಾಲದು. ಪಟ್ಟಿಯಲ್ಲಿರುವ ನಂಬರಿಗೇ ಫೋನ್ ಮಾಡಿ, ಈ ಮನುಷ್ಯ ನಿಮ್ಮ ಕಡೆಯವನೇನಾ ಅಂತ ಕೇಳಬೇಕು. ದುಡ್ಡು ಹೋಗುವುದಾದರೆ ಆ ಕಂಪನಿಯ ಹೆಸರಿನ ಖಾತೆಗೇ ಹೋಗಬೇಕು, ಅದೂ ಕರಾರು ಪತ್ರಕ್ಕೆ ಸಹಿ ಆದ ಮೇಲೆ. ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷ ನನ್ನಲ್ಲಿ ಇತ್ತು. ಹೀಗೆ ಮಾಡಬೇಕು ಅಂತ ಗೊತ್ತಿರಲಿಲ್ಲ.

ದುಡ್ಡು ಹೋಯಿತು, ನಾನೇ ಬೇರೆಯವರ ಹತ್ತಿರ ಹಾಕಿಸೋಣ ಅಂತ ಅರ್ಜಿ ಹಾಕಲು ಕೂತರೆ, ನನ್ನ ಮೀಟರಿನ ಖಾತೆ ಸಂಖ್ಯೆ ಆಗಲೇ ನೋಂದಣಿ ಆಗಿದೆ ಅಂತ ಬಂತು. ನನ್ನ ಬಿಲ್ ಹಿಡಿದು ಅವನು ತನ್ನ ಮೊಬೈಲ್ ನಂಬರ್ ಹಾಕಿ ಅರ್ಜಿ ತುಂಬಿದ್ದಾನೆ. ಒಟಿಪಿ ಅವನ ಫೋನಿಗೆ ಹೋಗುತ್ತೆ. ನನ್ನ ಮನೆ, ನನ್ನ ಮೀಟರು, ಅರ್ಜಿ ಮಾತ್ರ ಕಳ್ಳನ ಕೈಯಲ್ಲಿ. ಇದನ್ನು ಬಿಡಿಸಿಕೊಡಿ ಅಂತ ವಿದ್ಯುತ್ ಕಚೇರಿಗೆ ಐದು ಸಲ ಹೋಗಿದ್ದೇನೆ. ಯಜಮಾನರನ್ನು ಪಕ್ಕದ ಮನೆಯವರ ಮೇಲೆ ಬಿಟ್ಟು ಹೋಗಬೇಕು. ಒಬ್ಬರು ಇದು ಕೇಂದ್ರದ ಯೋಜನೆ ಅನ್ನುತ್ತಾರೆ. ಇನ್ನೊಬ್ಬರು, ಅವನು ನಮ್ಮಲ್ಲಿ ನೋಂದಾಯಿತ ವೆಂಡರ್ ಅಲ್ಲ, ಹಾಗಾಗಿ ನಮಗೆ ಸಂಬಂಧ ಇಲ್ಲ ಅನ್ನುತ್ತಾರೆ. ನೋಂದಾಯಿತ ಅಲ್ಲ ಅಂತಲೇ ಅಲ್ಲವಾ ನಾನು ದೂರು ಕೊಟ್ಟಿದ್ದು! ಪೊಲೀಸರು ದೂರು ತೆಗೆದುಕೊಂಡು ಒಂದು ಚೀಟಿ ಕೊಟ್ಟರು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಆಗಲೇ ಫೋನ್ ಮಾಡಬೇಕಿತ್ತು, ತಡ ಆಯಿತು ಅಂದರು.

ಈಗ ಆ ಫ್ಲೆಕ್ಸಿನ ವಿಷಯ. ಹೋದ ವಾರ ನಮ್ಮೂರ ವಿದ್ಯುತ್ ಕಚೇರಿಯ ಕಾಂಪೌಂಡಿಗೆ, ಬಿಲ್ ಕಟ್ಟುವ ಕೌಂಟರಿಗೆ ಹೋಗುವ ದಾರಿಯಲ್ಲೇ, ಅದೇ ಹುಡುಗರ ಫ್ಲೆಕ್ಸ್ ಕಟ್ಟಿತ್ತು. ಅದೇ ಬಣ್ಣ, ಅದೇ "60% ಸರ್ಕಾರಿ ಸಬ್ಸಿಡಿ", ಫೋನ್ ನಂಬರ್ ಮಾತ್ರ ಹೊಸದು. ನಾನು ಲಿಖಿತ ದೂರು ಕೊಟ್ಟು ಐದು ತಿಂಗಳಾದ ಮೇಲೆ, ಆ ದೂರು ಇರುವ ಕಟ್ಟಡದ ಗೋಡೆಗೇ! ಒಳಗೆ ಹೋಗಿ ತೋರಿಸಿದರೆ "ಯಾರೋ ರಾತ್ರಿ ಕಟ್ಟಿರಬೇಕು ಬಿಡಿ ಅಮ್ಮ" ಅಂದರು. ನನ್ನ ಮುಂದೆಯೇ ಒಬ್ಬ ಅಜ್ಜ ಆ ನಂಬರನ್ನು ಬಿಲ್ಲಿನ ಹಿಂದೆ ಬರೆದುಕೊಳ್ಳುತ್ತಿದ್ದರು. ಕಚೇರಿಯ ಗೋಡೆ ಮೇಲಿದೆ ಅಂದಮೇಲೆ ಸರ್ಕಾರದ್ದೇ ಅಲ್ವಾ ಅಂತ ಅವರು ನನ್ನನ್ನೇ ಕೇಳಿದರು. ಫ್ಲೆಕ್ಸಿನ ಹಗ್ಗ ನಾನೇ ಬಿಚ್ಚಿ ಹಾಕಿದೆ. ಅದು ತಪ್ಪಾದರೆ ನನ್ನ ಮೇಲೆ ಕೇಸು ಹಾಕಿ.

ಯೋಜನೆ ಕೇಂದ್ರದ್ದು ಇರಬಹುದು. ಆದರೆ ವೆಂಡರ್‌ಗಳನ್ನು ನೋಂದಾಯಿಸಿಕೊಳ್ಳುವುದು, ಮೀಟರ್ ಹಾಕುವುದು, ಬಂದು ಪರಿಶೀಲಿಸುವುದು ನಿಮ್ಮ ಕೈಕೆಳಗಿನ ವಿದ್ಯುತ್ ಕಂಪನಿಗಳೇ. ಪ್ರತಿ ತಿಂಗಳು ಪ್ರತಿ ಮನೆಗೆ ಹೋಗಿ ಕೈಗೆ ಬಿಲ್ ಕೊಡುವವರು ನಿಮ್ಮವರೇ. ಆ ಬಿಲ್‌ನ ಮೇಲೆ ಅಚ್ಚು ಹಾಕಿಸಿ: "ಸೋಲಾರ್ ಸಬ್ಸಿಡಿ ಹೆಚ್ಚೆಂದರೆ 78,000, ಚಾಲೂ ಆದ ಮೇಲೆ ನಿಮ್ಮ ಖಾತೆಗೇ ಬರುತ್ತದೆ, ಅದರ ಹೆಸರಲ್ಲಿ ಯಾರಿಗೂ ಅಡ್ವಾನ್ಸ್ ಕೊಡಬೇಡಿ." ನಿಮ್ಮ ಜಿಲ್ಲೆಯ ನೋಂದಾಯಿತ ವೆಂಡರ್‌ಗಳ ಹೆಸರು, ನಂಬರು ಪ್ರತಿ ಕಚೇರಿಯ ಬಾಗಿಲಲ್ಲಿ ಕನ್ನಡದಲ್ಲಿ ಹಾಕಿಸಿ. ಫ್ಲೆಕ್ಸ್ ಕಟ್ಟಲು ಜಾಗ ಇರುವ ಗೋಡೆಯಲ್ಲಿ ಅದಕ್ಕೂ ಜಾಗ ಇದ್ದೇ ಇರುತ್ತೆ. ಮತ್ತೆ, ಮೋಸಗಾರರ ಮೊಬೈಲಿಗೆ ಸಿಕ್ಕಿಕೊಂಡಿರುವ ನನ್ನಂಥವರ ಅರ್ಜಿಗಳನ್ನು, ಆಧಾರ್ ಮತ್ತು ಬಿಲ್ ನೋಡಿ ಕಚೇರಿಯಲ್ಲೇ ರದ್ದು ಮಾಡಿಸುವ ಅಧಿಕಾರವನ್ನು ಒಬ್ಬ ಅಧಿಕಾರಿಗೆ ಕೊಡಿ.

ನನ್ನ 42,000 ವಾಪಸ್ ಕೊಡಿಸಿ ಅಂತ ನಿಮ್ಮನ್ನು ಕೇಳುತ್ತಿಲ್ಲ. ಬಿಲ್‌ನ ಮೇಲೆ ಒಂದು ಸಾಲು ಅಚ್ಚು ಹಾಕಿಸಿ. ನಮ್ಮ ಬೀದಿಗೆ ಮೀಟರ್ ರೀಡರ್ ಬರುವುದು ತಿಂಗಳ ಮೊದಲ ವಾರ. ಮುಂದಿನ ಸಲ ಬಿಲ್ ಕೈಗೆ ಬಂದಾಗ ಮೊತ್ತ ನೋಡುವ ಮೊದಲು ಆ ಸಾಲು ಇದೆಯಾ ಅಂತ ನೋಡುತ್ತೇನೆ.

ಇಂತಿ,
ಮನೆ ಮೇಲೆ ನಾಲ್ಕು ಕಬ್ಬಿಣದ ಕಾಲು ಮಾತ್ರ ಇರುವ ಒಬ್ಬ ಗ್ರಾಹಕಿ