ಸೋಮವಾರದಿಂದ ಹೊಸ ಡ್ಯೂಟಿ ಪಟ್ಟಿ

ಎಲ್ಲ ಡ್ರೈವರ್‌ಗಳಿಗೂ ನಮಸ್ಕಾರ. ಮೈಸೂರು ಟ್ರಿಪ್‌ಗಳಿಗೆ ಶನಿವಾರ, ಭಾನುವಾರ ಕನಿಷ್ಠ 8 ಜನ ಬೇಕು, ಶುಕ್ರವಾರ ಮತ್ತು ಸೋಮವಾರ 7, ಮಿಕ್ಕ ಮೂರು ದಿನ 5 ಸಾಕು. ಹಾಗಾದರೆ 8 ಜನ ಇದ್ದರೆ ಆಯ್ತಲ್ವಾ ಅಂತ ಕೆಲವರು ಕೇಳಿದ್ದೀರಿ. ಆಗಲ್ಲ. ವಾರಕ್ಕೆ ಒಟ್ಟು 45 ಡ್ಯೂಟಿ, ಒಬ್ಬರು ಮಾಡುವುದು ಸತತ 5 ದಿನ, ಅಂದರೆ 9 ಜನಕ್ಕಿಂತ ಕಡಿಮೆ ಸಾಧ್ಯವೇ ಇಲ್ಲ.

ಯಾವ ದಿನ ಎಷ್ಟು ಜನ ಅಂತ ನೋಡುತ್ತಾ ಕೂತರೆ ತಲೆ ಕೆಡುತ್ತೆ (ನನಗೆ ಎರಡು ರಾತ್ರಿ ಕೆಟ್ಟಿತು), ಯಾವ ದಿನ ಎಷ್ಟು ಜನ ಶುರು ಮಾಡುತ್ತಾರೆ ಅಂತ ನೋಡಿದರೆ ಲೆಕ್ಕ ಕೂರುತ್ತದೆ. ಬುಧ, ಗುರು, ಶುಕ್ರ, ಶನಿ ತಲಾ ಇಬ್ಬರು ಶುರು ಮಾಡಲಿ, ಸೋಮವಾರ ಒಬ್ಬರು. ಭಾನುವಾರ ನೋಡಿ: ಬುಧವಾರದಿಂದ ಶನಿವಾರದವರೆಗೆ ಶುರು ಮಾಡಿದ ಎಂಟೂ ಜನ ಗಾಡಿಯಲ್ಲಿರುತ್ತಾರೆ, ಸೋಮವಾರದವರಿಗೆ ಮಾತ್ರ ರಜೆ. ಯಾವ ದಿನವೂ ಒಬ್ಬರೂ ಜಾಸ್ತಿ ಇಲ್ಲ.

ಒಬ್ಬರಿಗೆ ಕೂಲಿ ದಿನಕ್ಕೆ 900, ಭಾನುವಾರ 1100 ರೂಪಾಯಿ, ಎಲ್ಲರದ್ದೂ ಸೇರಿ ವಾರಕ್ಕೆ 42,100. ಇದಕ್ಕಿಂತ ಇಳಿಸಲು ಆಗಲ್ಲ.

ಆದರೆ ಒಬ್ಬರು ಸುಮ್ನೆ ಬರದೇ ಹೋದರೂ ಒಂದು ಗಾಡಿ ನಿಲ್ಲುತ್ತೆ. ಶನಿವಾರಕ್ಕೆ 9 ಜನ ಬೇಕಾದರೆ ಹತ್ತನೆಯವರನ್ನು ಮಂಗಳವಾರದಿಂದ ಶನಿವಾರಕ್ಕೆ ಹಾಕುತ್ತೇನೆ, ಭಾನುವಾರದ ಹೆಚ್ಚಿನ ಕೂಲಿ ಉಳಿಯುತ್ತೆ. ರಜೆ ಅದಲುಬದಲು ಮಾಡಿಕೊಳ್ಳುವವರು ಇವತ್ತು ರಾತ್ರಿ 9ರೊಳಗೆ ಇಲ್ಲೇ ಹೇಳಿ.