ಫ್ರೀ ಲುಕ್ ಅವಧಿಯಲ್ಲಿ ಜೀವ ವಿಮಾ ಪಾಲಿಸಿ ರದ್ದತಿ ಹಾಗೂ ಪ್ರೀಮಿಯಂ ವಾಪಸಾತಿ ಕೋರಿ ದೂರು ಪತ್ರ

ದಾವಣಗೆರೆ
ದಿನಾಂಕ: 5 ಡಿಸೆಂಬರ್ 2025

ಇವರಿಗೆ,
ಕುಂದುಕೊರತೆ ನಿವಾರಣಾ ಅಧಿಕಾರಿಗಳು,
ಜೀವ ವಿಮಾ ಕಂಪನಿಯ ಪ್ರಧಾನ ಕಚೇರಿ

ಪ್ರತಿ: ಶಾಖಾ ವ್ಯವಸ್ಥಾಪಕರು, ದಾವಣಗೆರೆ ಶಾಖೆ

ವಿಷಯ: ನನ್ನ ಪಾಲಿಸಿಯನ್ನು ಫ್ರೀ ಲುಕ್ ಅವಧಿಯೊಳಗೆ ರದ್ದುಪಡಿಸಿ ಹಣ ಹಿಂದಿರುಗಿಸುವ ಬಗ್ಗೆ, ಮತ್ತು ಶಾಖೆಯಲ್ಲಿ ನನ್ನ ಕೋರಿಕೆಯನ್ನು ಸ್ವೀಕರಿಸದ ಬಗ್ಗೆ ದೂರು.

ಮಾನ್ಯರೇ,

ನಿಮ್ಮ ಕಂಪನಿ 6 ನವೆಂಬರ್ 2025ರಿಂದ ಜಾರಿಗೆ ಬರುವಂತೆ ನನ್ನ ಹೆಸರಿನಲ್ಲಿ ನೀಡಿರುವ ಜೀವ ವಿಮಾ ಪಾಲಿಸಿಯನ್ನು (ಸಂಖ್ಯೆಯು ಲಗತ್ತಿಸಿದ ಮೂಲ ಪತ್ರದಲ್ಲಿದೆ) ನಾನು ಈ ಪತ್ರದ ಮೂಲಕ ರದ್ದುಪಡಿಸುತ್ತಿದ್ದೇನೆ. ಇದರ ವಾರ್ಷಿಕ ಪ್ರೀಮಿಯಂ ರೂ. 60,000, ವಿಮಾ ಮೊತ್ತ ರೂ. 6,00,000. ಈ ಪಾಲಿಸಿಯಡಿ ನಾನು ಯಾವ ಕ್ಲೇಮನ್ನೂ ಮಾಡಿಲ್ಲ. ಇದು ಪಾಲಿಸಿ ಕೈಸೇರಿದ ಮೊದಲ 30 ದಿನಗಳೊಳಗೆ ಅದನ್ನು ಹಿಂದಿರುಗಿಸುವ ಫ್ರೀ ಲುಕ್ ರದ್ದತಿಯ ಕೋರಿಕೆಯೇ ಹೊರತು, ಆ ಅವಧಿ ಕಳೆದ ಮೇಲೆ ಪಾಲಿಸಿಯನ್ನು ಮಧ್ಯದಲ್ಲೇ ಬಿಟ್ಟುಕೊಡುವ ಸರೆಂಡರ್ ಅರ್ಜಿಯಲ್ಲ. ದಯವಿಟ್ಟು ಸರೆಂಡರ್ ಎಂದು ನಮೂದಿಸಬೇಡಿ.

ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ, ವಯಸ್ಸು 61. ನವೆಂಬರ್ 3ರಂದು ಅವಧಿ ಮುಗಿದ ಎಫ್‌ಡಿಯನ್ನು ನವೀಕರಿಸಲು ನನ್ನ ಬ್ಯಾಂಕಿಗೆ ಹೋಗಿದ್ದೆ. ನಿಮ್ಮ ಕಂಪನಿಯ ಪಾಲಿಸಿಗಳನ್ನು ಅಲ್ಲಿ ಮಾರುವ ಸಿಬ್ಬಂದಿ, “ಮೇಷ್ಟ್ರೇ, ಈಗ ಎಫ್‌ಡಿ ಬಡ್ಡಿ ಕಮ್ಮಿ ಆಗಿದೆ, ಇದೂ ಎಫ್‌ಡಿ ಥರಾನೇ, ಜೊತೆಗೆ ಇನ್ಶೂರೆನ್ಸ್ ಬೇರೆ ಸಿಗುತ್ತೆ” ಎಂದರು. ಒಂದೇ ಸಲ ಕಟ್ಟಿದರೆ ಸಾಕೇ ಎಂದು ನಾನು ಎರಡು ಬಾರಿ ಕೇಳಿದೆ, ಎರಡು ಬಾರಿಯೂ ಸಾಕೆಂದರು. ಅವರು ತಮ್ಮ ಟ್ಯಾಬ್‌ನಲ್ಲಿ ಏನೇನೋ ತುಂಬಿ, ನನ್ನ ಮೊಬೈಲಿಗೆ ಬಂದ ಓಟಿಪಿಯನ್ನು ಹೇಳಿಸಿಕೊಂಡರು. ಆಮೇಲೆ ಕಂಪನಿಯಿಂದ ಕರೆ ಬಂದರೆ ಎಲ್ಲದಕ್ಕೂ ‘ಹೌದು’ ಎನ್ನಿ, ಇಲ್ಲದಿದ್ದರೆ ಕೆಲಸ ತಡವಾಗುತ್ತದೆ ಎಂದೂ ಹೇಳಿ ಕಳುಹಿಸಿದರು.

ನವೆಂಬರ್ 14ರಂದು ಸ್ಪೀಡ್ ಪೋಸ್ಟ್‌ನಲ್ಲಿ ಪಾಲಿಸಿ ಪತ್ರ ಬಂದು, ಅದನ್ನು ಓದಿದಾಗಲೇ ನನಗೆ ವಿಷಯ ತಿಳಿದದ್ದು. ಇದು ಹತ್ತು ವರ್ಷ, ಅಂದರೆ ನನಗೆ 71 ತುಂಬುವವರೆಗೆ, ಪ್ರತಿ ವರ್ಷ ರೂ. 60,000 ಕಟ್ಟಬೇಕಾದ ಪಾಲಿಸಿ. ನನ್ನ ಪಿಂಚಣಿ ತಿಂಗಳಿಗೆ ರೂ. 26,000, ವರ್ಷಕ್ಕೆ ಮೂರು ಲಕ್ಷ ಹನ್ನೆರಡು ಸಾವಿರ. ಆದರೆ ಪಾಲಿಸಿಯ ಜೊತೆಗಿರುವ ಪ್ರಸ್ತಾವನಾ ನಮೂನೆಯ ಪ್ರತಿಯಲ್ಲಿ ನನ್ನ ಉದ್ಯೋಗ ‘ವ್ಯಾಪಾರ’, ವಾರ್ಷಿಕ ಆದಾಯ ‘ರೂ. 8,00,000’ ಎಂದಿದೆ. ಮೂವತ್ತೆರಡು ವರ್ಷ ಪಾಠ ಹೇಳಿದ ನಾನು ಒಂದು ದಿನವೂ ವ್ಯಾಪಾರ ಮಾಡಿದವನಲ್ಲ, ಹಾಗೆಂದು ಯಾರಿಗೂ ಹೇಳಿದವನೂ ಅಲ್ಲ. ಈ ಸುಳ್ಳು ಹೀಗೆಯೇ ಉಳಿದರೆ ಮುಂದೆ ನನ್ನ ಪತ್ನಿ ಕ್ಲೇಮ್‌ಗೆ ಬಂದಾಗ ಅದನ್ನೇ ಮುಂದಿಟ್ಟು ಪ್ರಶ್ನಿಸಬಹುದೆಂಬ ಭಯವೂ ನನಗಿದೆ. ಈ ಹಣವನ್ನು ನಾವು ಅವಳ ಮೊಣಕಾಲಿನ ಶಸ್ತ್ರಚಿಕಿತ್ಸೆಗೆಂದು ತೆಗೆದಿಟ್ಟಿದ್ದೆವು.

ಹೀಗಾಗಿ ರದ್ದತಿಗೆ ನನ್ನ ಕಾರಣಗಳು ಎರಡು: ಪಾವತಿಯ ಅವಧಿಯನ್ನು ನನಗೆ ತಪ್ಪಾಗಿ ತಿಳಿಸಲಾಗಿದೆ, ಮತ್ತು ನನ್ನ ಆದಾಯ, ಉದ್ಯೋಗಗಳನ್ನು ನನಗೆ ಗೊತ್ತಿಲ್ಲದೆ ತಪ್ಪಾಗಿ ತುಂಬಲಾಗಿದೆ. ಫ್ರೀ ಲುಕ್ ಅವಧಿಯೊಳಗೆ ಕಾರಣ ಯಾವುದೇ ಇದ್ದರೂ ಪಾಲಿಸಿಯನ್ನು ಹಿಂದಿರುಗಿಸುವ ಹಕ್ಕು ಪಾಲಿಸಿದಾರನಿಗೆ ಇದೆಯೆಂಬುದು ನನಗೆ ತಿಳಿದಿದೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಇದು ನಿಮ್ಮ ದಾಖಲೆಯಲ್ಲಿ ಉಳಿಯಬೇಕು.

ಇನ್ನು ಶಾಖೆಯ ವಿಷಯ. ಪಾಲಿಸಿ ಕೈಸೇರಿದ ಹತ್ತನೆಯ ದಿನ, ನವೆಂಬರ್ 24ರಂದು, ರದ್ದತಿಯ ಅರ್ಜಿ ಹಿಡಿದು ನಿಮ್ಮ ದಾವಣಗೆರೆ ಶಾಖೆಗೆ ಹೋದೆ. ಸಂಬಂಧಪಟ್ಟವರು ರಜೆಯಲ್ಲಿದ್ದಾರೆ, ಮುಂದಿನ ವಾರ ಬನ್ನಿ ಎಂದರು. ಅರ್ಜಿಯನ್ನೂ ತೆಗೆದುಕೊಳ್ಳಲಿಲ್ಲ, ಸ್ವೀಕೃತಿಯನ್ನೂ ಕೊಡಲಿಲ್ಲ. ಅವರು ಹೇಳಿದಂತೆಯೇ ಡಿಸೆಂಬರ್ 1ರಂದು ಮತ್ತೆ ಹೋದಾಗ, “ಹದಿನೈದು ದಿನ ಮುಗಿದುಹೋಗಿದೆ, ಈಗ ಏನೂ ಮಾಡೋಕಾಗಲ್ಲ, ಒಂದು ವರ್ಷ ಬಿಟ್ಟು ಸರೆಂಡರ್ ಮಾಡಿ” ಎಂದರು. ತಾವೇ ನನ್ನನ್ನು ಒಂದು ವಾರ ಕಾಯಿಸಿ, ಆ ವಾರವನ್ನೇ ನನ್ನ ವಿರುದ್ಧ ಲೆಕ್ಕಕ್ಕೆ ಹಿಡಿದದ್ದು ನನಗೆ ಬಹಳ ನೋವುಂಟುಮಾಡಿತು.

ಹದಿನೈದು ದಿನ ಎಂಬುದು ಹಳೆಯ ನಿಯಮ. ಪಾಲಿಸಿದಾರರ ಹಿತರಕ್ಷಣೆಗಾಗಿ ವಿಮಾ ನಿಯಂತ್ರಣ ಪ್ರಾಧಿಕಾರ ಹೊರಡಿಸಿದ 2024ರ ನಿಯಮಾವಳಿಯ ಪ್ರಕಾರ ಈ ಅವಧಿ 30 ದಿನ, ಮತ್ತು ಅದನ್ನು ಎಣಿಸಬೇಕಾದದ್ದು ಪಾಲಿಸಿ ಪತ್ರ ಕೈಸೇರಿದ ದಿನದಿಂದ. ಹಣ ಕಟ್ಟಿದ ದಿನದಿಂದಲೂ ಅಲ್ಲ, ಪಾಲಿಸಿಯ ಮೇಲೆ ಅಚ್ಚಾದ ದಿನಾಂಕದಿಂದಲೂ ಅಲ್ಲ. ನನ್ನ ಅವಧಿ ಡಿಸೆಂಬರ್ 14ರವರೆಗೆ ಇದೆ, ಇಂದು 21ನೆಯ ದಿನ. ಅಂಚೆ ಲಕೋಟೆಯನ್ನು ನಾನು ಎಸೆದಿಲ್ಲ. ಅದರ ಮೇಲಿನ ಬಾರ್‌ಕೋಡ್ ಸಂಖ್ಯೆಯಿಂದ ಪಡೆದ ಬಟವಾಡೆ ವಿವರದ ಮುದ್ರಿತ ಪ್ರತಿಯನ್ನು ಇದರೊಂದಿಗೆ ಇಟ್ಟಿದ್ದೇನೆ. ವರ್ಷ ಬಿಟ್ಟು ಸರೆಂಡರ್ ಮಾಡಿದರೆ ಕಟ್ಟಿದ ಹಣದ ಒಂದು ಭಾಗ ಮಾತ್ರ ಕೈಗೆ ಬರುತ್ತದೆ. ಫ್ರೀ ಲುಕ್‌ನಲ್ಲಾದರೆ ಸಣ್ಣ ಕಡಿತಗಳನ್ನು ಬಿಟ್ಟು ಪೂರ್ತಿ ಬರುತ್ತದೆ. ಶಾಖೆಯವರು ಈ ವ್ಯತ್ಯಾಸವನ್ನು ನನಗೆ ಹೇಳಲೇ ಇಲ್ಲ.

ಆ ಕಡಿತಗಳು ಮೂರೇ ಬಗೆಯವು: ರಕ್ಷಣೆ ಇದ್ದಷ್ಟು ದಿನಗಳ ಅಪಾಯದ ಪ್ರೀಮಿಯಂ, ವೈದ್ಯಕೀಯ ತಪಾಸಣೆಯ ಖರ್ಚು ಮತ್ತು ಮುದ್ರಾಂಕ ಶುಲ್ಕ. ನನಗೆ ಯಾವ ತಪಾಸಣೆಯೂ ನಡೆದಿಲ್ಲವಾದ್ದರಿಂದ ಆ ಬಾಬ್ತು ಸೊನ್ನೆ. ಮುದ್ರಾಂಕ ಶುಲ್ಕ ಸಾವಿರ ರೂಪಾಯಿ ವಿಮಾ ಮೊತ್ತಕ್ಕೆ 20 ಪೈಸೆಯಂತೆ ಆರು ಲಕ್ಷಕ್ಕೆ ರೂ. 120. ನನ್ನ ವಯಸ್ಸಿಗೆ ನೀವು ಹಿಡಿದಿರುವ ಅಪಾಯದ ದರ ನಿಮಗಷ್ಟೇ ಗೊತ್ತು. ಅದನ್ನು ಸಾವಿರಕ್ಕೆ ವರ್ಷಕ್ಕೆ 15 ರೂಪಾಯಿ ಎಂದು ಧಾರಾಳವಾಗಿಯೇ ಹಿಡಿದರೂ ವರ್ಷಕ್ಕೆ ರೂ. 9,000 ಆಗುತ್ತದೆ, ನವೆಂಬರ್ 6ರಿಂದ ಇಂದಿನವರೆಗಿನ 30 ದಿನಗಳಿಗೆ ಸುಮಾರು ರೂ. 740. ಎರಡೂ ಸೇರಿ ರೂ. 860 ಕಳೆದರೆ ನನಗೆ ಬರಬೇಕಾದದ್ದು ಸುಮಾರು ರೂ. 59,140. ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ವಿಮೆಯ ಮೇಲೆ ಜಿಎಸ್‌ಟಿ ಇಲ್ಲದ ಕಾರಣ ತೆರಿಗೆಯ ಹೆಸರಿನ ಕಡಿತಕ್ಕೂ ಆಸ್ಪದವಿಲ್ಲ. ಏಜೆಂಟರ ಕಮಿಷನ್, ಆಡಳಿತ ವೆಚ್ಚ ಮುಂತಾದ ಯಾವ ಹೆಸರಿನಲ್ಲೂ ಹಣ ಹಿಡಿಯಬಾರದು. ನಿಮ್ಮ ಲೆಕ್ಕ ನನ್ನದಕ್ಕಿಂತ ಬೇರೆಯಾದರೆ ಪ್ರತಿಯೊಂದು ಕಡಿತದ ದರವನ್ನೂ ದಿನಗಳನ್ನೂ ತೋರಿಸಿ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಕೋರಿಕೆ ತಲುಪಿದ 7 ದಿನಗಳೊಳಗೆ ಹಣವನ್ನು ಪ್ರೀಮಿಯಂ ಹೋದ ಅದೇ ಬ್ಯಾಂಕ್ ಖಾತೆಗೆ ಜಮಾ ಮಾಡಿ. ತಡವಾದ ದಿನಗಳಿಗೆ ಬ್ಯಾಂಕ್ ದರಕ್ಕಿಂತ ಶೇಕಡಾ 2 ಹೆಚ್ಚಿನ ಬಡ್ಡಿ ಸೇರಿಸಬೇಕಾಗುತ್ತದೆ. ಮುಂದಿನ ಕಂತುಗಳಿಗಾಗಿ ನನ್ನ ಖಾತೆಯ ಮೇಲೆ ನೋಂದಾಯಿಸಿರುವ ಆಟೋ ಡೆಬಿಟ್ ಆದೇಶವನ್ನೂ ರದ್ದುಗೊಳಿಸಿ ತಿಳಿಸಿ. ನವೆಂಬರ್ 24ರಂದು ಅರ್ಜಿ ಸ್ವೀಕರಿಸದ ಬಗ್ಗೆ ಮತ್ತು ಪ್ರಸ್ತಾವನೆಯಲ್ಲಿ ಸುಳ್ಳು ವಿವರ ತುಂಬಿದ ಬಗ್ಗೆ ವಿಚಾರಣೆ ನಡೆಸಿ, ಅದರ ಫಲವನ್ನು ನನಗೆ ಬರೆದು ತಿಳಿಸಬೇಕು.

ಈ ಪತ್ರವನ್ನು ಇಮೇಲ್ ಮೂಲಕವೂ ಸ್ಪೀಡ್ ಪೋಸ್ಟ್‌ನಲ್ಲೂ ಕಳುಹಿಸಿದ್ದೇನೆ, ಶಾಖೆಗೆ ಖುದ್ದಾಗಿ ಒಂದು ಪ್ರತಿ ಕೊಟ್ಟು ಮೊಹರು ಹಾಕಿಸಿಕೊಳ್ಳಲಿದ್ದೇನೆ. ಎರಡು ವಾರದೊಳಗೆ ಪರಿಹಾರ ಸಿಗದಿದ್ದರೆ ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ದೂರು ದಾಖಲಿಸುತ್ತೇನೆ. ತಿಂಗಳು ಕಳೆದರೂ ಉತ್ತರವಿಲ್ಲದಿದ್ದರೆ ಬೆಂಗಳೂರಿನ ವಿಮಾ ಲೋಕಪಾಲರ ಮುಂದೆ ಹೋಗುತ್ತೇನೆ.

ಲಗತ್ತು: ಮೂಲ ಪಾಲಿಸಿ ಪತ್ರ, ಪ್ರೀಮಿಯಂ ರಸೀದಿ, ಅಂಚೆ ಲಕೋಟೆಯ ಪ್ರತಿ ಮತ್ತು ಬಟವಾಡೆ ವಿವರ, ಪಿಂಚಣಿ ಪಾವತಿ ಆದೇಶದ ಪ್ರತಿ, ಗುರುತಿನ ಚೀಟಿಯ ಪ್ರತಿ, ರದ್ದುಗೊಳಿಸಿದ ಚೆಕ್ಕು.

ತಮ್ಮ ವಿಶ್ವಾಸಿ,
(ಸಹಿ)
ಪಾಲಿಸಿದಾರ