ಮಡಿಕೆಯ ಗೆರೆ ಎಲ್ಲಿದೆ, ಮೊದಲು ಅದನ್ನು ನೋಡು

ಪ್ರೀತಿಯ ಪುಟ್ಟಿ,

ನೀನು ಬಿಡಿಸಿದ ನವೋದಯ ಶಾಲೆಯ ಪ್ರವೇಶ ಪರೀಕ್ಷೆಯ ಪ್ರಶ್ನೆಗಳ ಫೋಟೊಗಳನ್ನು ನಿನ್ನ ಅಮ್ಮ ಕಳಿಸಿದ್ದಳು. ಕನ್ನಡಕ ಹಾಕಿಕೊಂಡು ಒಂದೊಂದೇ ನೋಡಿದೆ. ಕನ್ನಡಿ ಬಿಂಬದ ನಾಲ್ಕೂ ಸರಿ ಇವೆ. ಹಾಳೆ ಮಡಚಿ ತೂತು ಹೊಡೆದರೆ ಬಿಚ್ಚಿದಾಗ ಹೇಗೆ ಕಾಣುತ್ತದೆ ಅಂತ ಕೇಳುವ ನಾಲ್ಕರಲ್ಲಿ ಮೂರು ತಪ್ಪು. ಕನ್ನಡಿ ಬಿಂಬ ಬಂದವಳಿಗೆ ಇದು ಬರಲೇಬೇಕು, ಯಾಕಂದ್ರೆ ಎರಡೂ ಒಂದೇ ಲೆಕ್ಕ. ಹೇಗೆ ಅಂತ ಹೇಳ್ತೀನಿ. ಒಂದಷ್ಟು ಹಳೇ ನೋಟ್‌ಬುಕ್ ಹಾಳೆ, ಸ್ಕೇಲು, ಒಂದು ಖಾಲಿ ರೀಫಿಲ್ಲು ಹತ್ತಿರ ಇಟ್ಟುಕೊಂಡು ಓದು.

ನಿನ್ನ ತಪ್ಪು ಎಲ್ಲಿದೆ ಗೊತ್ತಾ? ನೀನು ತೂತುಗಳನ್ನು ಎಣಿಸುತ್ತಿದ್ದೀಯ. ಎರಡು ಸಲ ಮಡಚಿದರೆ ನಾಲ್ಕು ಪದರ, ಹಾಗಾಗಿ ನಾಲ್ಕು ತೂತು ಅಂತ ಪಕ್ಕದಲ್ಲಿ ಬರೆದುಕೊಂಡಿದ್ದೀಯ. ಅದು ಸರಿ. ಆದರೆ ಪ್ರಶ್ನೆ ಮಾಡುವವರಿಗೂ ಅದು ಗೊತ್ತು. ಕೊಟ್ಟಿರುವ ನಾಲ್ಕು ಉತ್ತರಗಳಲ್ಲಿ ಮೂರರಲ್ಲಿ ನಾಲ್ಕು ನಾಲ್ಕು ತೂತುಗಳೇ ಇವೆ, ನೋಡು. ಎಣಿಕೆಯಿಂದ ಒಂದು ಉತ್ತರ ಬಿಟ್ಟುಹೋಯಿತು, ಅಷ್ಟೆ. ಉಳಿದ ಮೂರರಲ್ಲಿ ನೀನು ಅಂದಾಜಿನಿಂದ ಒಂದನ್ನು ಆರಿಸಿದ್ದೀಯ. ತೂತು ಎಷ್ಟು ಅನ್ನುವುದಕ್ಕಿಂತ ಎಲ್ಲಿ ಅನ್ನುವುದು ಇಲ್ಲಿ ಮುಖ್ಯ.

ಈಗ ಹಾಳೆ ತಗೋ. 8 ಸೆಂಟಿಮೀಟರ್ ಚೌಕ ಕತ್ತರಿಸು. ಬಲಗಡೆ ಅರ್ಧವನ್ನು ಎಡಗಡೆಯ ಮೇಲೆ ತಂದು ಮಡಚು. ಆಮೇಲೆ ಮೇಲಿನ ಅರ್ಧವನ್ನು ಕೆಳಕ್ಕೆ ಮಡಚು. ಕೈಯಲ್ಲಿ 4 ಸೆಂಟಿಮೀಟರಿನ ಪುಟ್ಟ ಚೌಕ ಉಳಿಯಿತು. ಅದರ ನಾಲ್ಕು ಅಂಚುಗಳನ್ನು ಬೆರಳಿನಿಂದ ಸವರಿ ನೋಡು. ಬಲಗಡೆ ಅಂಚು ಮಡಿಕೆ. ಮೇಲಿನ ಅಂಚೂ ಮಡಿಕೆ. ಎಡಗಡೆ ಮತ್ತು ಕೆಳಗಡೆ ಪದರಗಳು ಬಿಡಿಬಿಡಿಯಾಗಿ ಸಿಗುತ್ತವೆ. ಬಿಡಿಯಾದ ಅಂಚು ಅಂದರೆ ಹಾಳೆಯ ಹೊರಗಿನ ಅಂಚು. ಮಡಿಕೆಯ ಅಂಚು ಅಂದರೆ ಹಾಳೆಯ ನಡುಭಾಗ. ಇದಿಷ್ಟು ಕೈಗೆ ಗೊತ್ತಾದರೆ ಅರ್ಧ ಕೆಲಸ ಮುಗೀತು.

ಬಲ ಅಂಚಿನಿಂದ 1 ಸೆಂಟಿಮೀಟರ್, ಕೆಳ ಅಂಚಿನಿಂದ 1 ಸೆಂಟಿಮೀಟರ್ ಒಳಗೆ ರೀಫಿಲ್ಲಿನಿಂದ ಚುಚ್ಚು. ಬಿಚ್ಚಬೇಡ, ಇರು. ಮೊದಲು ಯೋಚಿಸು. ತೂತು ಬಲಗಡೆಯ ಮಡಿಕೆಗೆ ಹತ್ತಿರ ಇದೆ, ಅಂದರೆ ಹಾಳೆಯ ನಟ್ಟನಡುವಿನ ಉದ್ದ ಗೆರೆಗೆ ಹತ್ತಿರ. ಕೆಳಗಿನ ಬಿಡಿ ಅಂಚಿಗೂ ಹತ್ತಿರ, ಅಂದರೆ ಹಾಳೆಯ ಹೊರ ಅಂಚಿಗೆ ಹತ್ತಿರ.

ಈಗ ಕೊನೆಗೆ ಮಡಚಿದ್ದನ್ನು ಮೊದಲು ಬಿಚ್ಚು. ಮೇಲಿನ ಅರ್ಧ ಮೇಲಕ್ಕೆ ಹೋಯಿತು. ಮಡಿಕೆಯ ಗೆರೆಯನ್ನು ಕನ್ನಡಿ ಅಂದುಕೋ. ಕೆಳಗಿನ ತೂತು ಆ ಗೆರೆಯಿಂದ 3 ಸೆಂಟಿಮೀಟರ್ ದೂರ ಇತ್ತು. ಹಾಗಾದರೆ ಅದರ ಜೋಡಿ ಗೆರೆಯ ಮೇಲ್ಗಡೆಯೂ 3 ಸೆಂಟಿಮೀಟರ್ ದೂರದಲ್ಲೇ ಇರಬೇಕು, ಮೇಲಿನ ಅಂಚಿನ ಹತ್ತಿರ. ಎರಡಾಯಿತು. ಈಗ ಮೊದಲ ಮಡಿಕೆ ಬಿಚ್ಚು. ಈ ಸಲ ಕನ್ನಡಿ ನಡುವಿನ ಉದ್ದ ಗೆರೆ. ಎರಡೂ ತೂತುಗಳು ಅದಕ್ಕೆ 1 ಸೆಂಟಿಮೀಟರ್ ದೂರ ಇದ್ದವು, ಆಚೆ ಕಡೆಯೂ ಅಷ್ಟೇ ದೂರ. ಕೊನೆಗೆ ಮೇಲೆ ಒಂದು ಜೋಡಿ, ಕೆಳಗೆ ಒಂದು ಜೋಡಿ. ಜೋಡಿಯ ತೂತುಗಳ ನಡುವೆ 2 ಸೆಂಟಿಮೀಟರ್ ಮಾತ್ರ.

ನೀನು ಗುರುತು ಹಾಕಿದ ಉತ್ತರದಲ್ಲಿ ತೂತುಗಳು ನಾಲ್ಕು ಮೂಲೆಗಳಲ್ಲಿದ್ದವು. ಮೂಲೆಗೆ ಬರಬೇಕಾದರೆ ಎರಡು ಬಿಡಿ ಅಂಚು ಸೇರುವ ಕಡೆ ಚುಚ್ಚಿರಬೇಕಿತ್ತು. ಇನ್ನೊಂದು ಉತ್ತರದಲ್ಲಿ ನಾಲ್ಕೂ ನಡುವೆ ಗುಂಪಾಗಿದ್ದವು. ಅದಕ್ಕೆ ಎರಡು ಮಡಿಕೆ ಸೇರುವ ಮೂಲೆಯಲ್ಲಿ ಚುಚ್ಚಬೇಕು. ತಪ್ಪು ಉತ್ತರ ಹೇಗೆ ಹುಟ್ಟುತ್ತದೆ ಅಂತ ತಿಳಿದರೆ ಅದನ್ನು ನೋಡಿ ಗಲಿಬಿಲಿ ಆಗುವುದಿಲ್ಲ, ಅಲ್ವಾ?

ಓರೆ ಮಡಿಕೆಯಲ್ಲಿ ಇನ್ನೂ ಜಾಸ್ತಿ ಜನ ಎಡವುತ್ತಾರೆ. ನಾನು ಪಾಠ ಮಾಡುತ್ತಿದ್ದಾಗ ಜಾಣ ಮಕ್ಕಳೂ ಇಲ್ಲೇ ತಪ್ಪುತ್ತಿದ್ದರು. ಹೊಸ ಚೌಕ ತಗೊಂಡು ಮೇಲಿನ ಬಲ ಮೂಲೆಯನ್ನು ಕೆಳಗಿನ ಎಡ ಮೂಲೆಗೆ ಸೇರಿಸಿ ಮಡಚು. ತ್ರಿಕೋನ ಆಯಿತು. ಅದರ ಎಡ ಅಂಚಿನ ನಟ್ಟನಡುವೆ, 1 ಸೆಂಟಿಮೀಟರ್ ಒಳಗೆ ಚುಚ್ಚು. ಇದರ ಜೋಡಿ ಎಲ್ಲಿ? ಬಹಳ ಮಕ್ಕಳು ಬಲ ಅಂಚಿನ ನಡುವೆ ಅಂತಾರೆ. ನೀನೂ ಹಾಗೇ ಬರೆದಿದ್ದೀಯ. ಎಡದ ಎದುರು ಬಲ ಅಂತ ಅಭ್ಯಾಸ ಆಗಿಬಿಟ್ಟಿದೆ. ಆದರೆ ಇಲ್ಲಿ ಕನ್ನಡಿ ನೆಟ್ಟಗೆ ನಿಂತಿಲ್ಲ, ಓರೆಯಾಗಿದೆ. ಮಡಚುವಾಗ ಎಡ ಅಂಚಿನ ಮೇಲೆ ಬಂದು ಕೂತದ್ದು ಯಾವ ಅಂಚು? ಮೇಲಿನ ಅಂಚು. ಹಾಗಾದರೆ ಜೋಡಿ ತೂತು ಇರುವುದು ಮೇಲಿನ ಅಂಚಿನ ನಡುವೆ. ಓರೆ ಮಡಿಕೆ ಕಂಡ ಕೂಡಲೇ "ಯಾವ ಅಂಚು ಯಾವ ಅಂಚಿನ ಮೇಲೆ ಬಂತು?" ಅಂತ ಕೇಳಿಕೋ.

ಪದರದ ಎಣಿಕೆ ಕೈಕೊಡುವ ಜಾಗವೂ ಒಂದಿದೆ. ಒಂದು ಮೂಲೆಯನ್ನು ಮಾತ್ರ ಹಾಳೆಯ ನಡುವಿಗೆ ತಂದು ಮಡಚಿದ್ದರೆ ಆ ತ್ರಿಕೋನದ ಭಾಗದಲ್ಲಿ ಎರಡು ಪದರ, ಉಳಿದ ಕಡೆ ಒಂದೇ. ತ್ರಿಕೋನದಲ್ಲಿ ಚುಚ್ಚಿದರೆ ಎರಡು ತೂತು, ಹೊರಗೆ ಚುಚ್ಚಿದರೆ ಒಂದೇ ತೂತು. ಆ ತ್ರಿಕೋನದಲ್ಲಿ ಹಾಳೆಯ ನಡುವಿಗೆ ಹತ್ತಿರ ಚುಚ್ಚಿದ ತೂತಿನ ಜೋಡಿ ಬಿಚ್ಚಿದಾಗ ಮೂಲೆಯ ತುದಿಗೆ ಹತ್ತಿರ ಬರುತ್ತದೆ. ಮಡಿಕೆಯ ಗೆರೆಯ ಮೇಲೇ ಚುಚ್ಚಿದರೆ ಎರಡಾಗುವುದಿಲ್ಲ. ಅರ್ಧ ವೃತ್ತ ಕತ್ತರಿಸಿದ್ದು ಬಿಚ್ಚಿದಾಗ ಒಂದು ಪೂರ್ತಿ ವೃತ್ತ ಆಗುತ್ತದೆ. ಗಣಪತಿ ಹಬ್ಬಕ್ಕೆ ಬಣ್ಣದ ಕಾಗದ ಮಡಚಿ ಕತ್ತರಿಸಿದ್ದು ನೆನಪಿದೆಯಾ? ಮಡಿಕೆಯಲ್ಲಿ ಅರ್ಧ ಹೂವು ಕತ್ತರಿಸಿದೆ, ಬಿಚ್ಚಿದರೆ ಇಡೀ ಹೂವು ಬಂತು ಅಂತ ಕುಣಿದಾಡಿದ್ದೆ.

ಪರೀಕ್ಷೆಯಲ್ಲಿ ಮಾನಸಿಕ ಸಾಮರ್ಥ್ಯದ 40 ಪ್ರಶ್ನೆಗೆ 60 ನಿಮಿಷ. ಒಂದಕ್ಕೆ ಒಂದೂವರೆ ನಿಮಿಷ ಸಿಗುತ್ತದೆ. ಇಂಥ ಪ್ರಶ್ನೆ ನಾಲ್ಕು ಇರುತ್ತವೆ, ಒಂದಕ್ಕೆ 1.25 ಅಂಕ. ಅಲ್ಲಿ ಹಾಳೆ ಮಡಚಿ ನೋಡುವುದಕ್ಕಾಗಲ್ಲ. ಒಎಂಆರ್ ಹಾಳೆಯನ್ನಂತೂ ಮಡಚಲೇಬಾರದು. ಅದಕ್ಕೇ ಈಗ ಮನೆಯಲ್ಲಿ ಹಾಳೆಯಿಂದ ಶುರು ಮಾಡು. ಒಂದು ವಾರ ಮಡಚಿ, ಚುಚ್ಚಿ, ಬಿಚ್ಚುವ ಮೊದಲು ಇನ್ನೊಂದು ಚೌಕದಲ್ಲಿ ಚುಕ್ಕೆ ಹಾಕು. ಆಮೇಲೆ ಬಿಚ್ಚಿ ಎರಡನ್ನೂ ಬೆಳಕಿಗೆ ಹಿಡಿದು ಹೋಲಿಸು. ಮುಂದಿನ ವಾರ ಹಾಳೆ ಬಿಡು, ಸುಮ್ನೆ ಚೌಕ ಬರೆದು ಮಡಿಕೆಯ ಗೆರೆ ಎಳೆದು ಚುಕ್ಕೆ ಇಡು.

ಈ ಪತ್ರದ ಜೊತೆ ಒಂದು ನೀಲಿ ಹಾಳೆ ಇಟ್ಟಿದ್ದೇನೆ. ಮೂಲೆಗೆ ಮೂಲೆ ಸೇರಿಸಿ ಎರಡು ಸಲ ಮಡಚಿ ಒಂದೇ ಕಡೆ ಚುಚ್ಚಿದ್ದೇನೆ. ಬಿಚ್ಚುವ ಮೊದಲು ಚೌಕ ಬರೆದು ಚುಕ್ಕೆ ಹಾಕು. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಫೋಟೊ ತೆಗೆದು ಕಳಿಸು.

ನಿನ್ನ
ದೊಡ್ಡಮ್ಮ